‘ಧರ್ಮದಲ್ಲಿ ಬಲವಂತ ಇಲ್ಲ’ ಅಂದ್ಮೇಲೆ ಮುರ್ತದ್‌ಗೆ ಶಿಕ್ಷೆ ಯಾಕೆ?

ಪ್ರಶ್ನೆ: ಸರ್, ನನ್ನ ತವರು ಬಂಟ್ವಾಳ ಕಡೆ, ಮದುವೆಯಾಗಿ ದಾವಣಗೆರೆಲಿದೀನಿ. ಮಗ ಸೆಕೆಂಡ್ ಪಿಯುಸಿ. ಮೊನ್ನೆ ಊಟಕ್ಕೆ ಕೂತಾಗ ಕೇಳಿದ, ‘ಅಮ್ಮಾ, ಕುರ್‌ಆನ್‌ನಲ್ಲಿ ಧರ್ಮದ ವಿಷಯದಲ್ಲಿ ಬಲವಂತ ಇಲ್ಲ ಅಂತಿದೆ, ಹಳೇ ಕಿತಾಬುಗಳಲ್ಲಿ ಇಸ್ಲಾಮ್ ಬಿಟ್ಟವನಿಗೆ, ಅಂದ್ರೆ ಮುರ್ತದ್‌ಗೆ, ಮರಣದಂಡನೆ ಅಂತಿದೆ, ಎರಡರಲ್ಲಿ ಒಂದು ಸುಳ್ಳಲ್ವಾ?’ ಅಂತ. ಆಮೇಲೆ ‘ಹನಫಿಯಲ್ಲಿ ಹೆಂಗಸಿಗೆ ಆ ಶಿಕ್ಷೆ ಇಲ್ವಂತೆ, ನಮ್ಮ ಅಜ್ಜಿ ಮನೆಯ ಶಾಫಿಯಲ್ಲಿ ಇದೆಯಂತೆ, ದೇವರ ಕಾನೂನು ಘಟ್ಟ ಹತ್ತಿದ್ರೆ ಬದಲಾಗುತ್ತಾ?’ ಅಂದ. ಯೂಟ್ಯೂಬಲ್ಲಿ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ನಮ್ಮ ಮೈದುನ ಅಂತೂ ‘ಹೀಗೆಲ್ಲ ಕೇಳೋನು ನಾಳೆ ಮುರ್ತದ್ ಆಗ್ತಾನೆ’ ಅಂತ ಹೆದರಿಸಿಬಿಟ್ಟ. ಹುಡುಗನಿಗೆ ಏನು ಹೇಳ್ಲಿ?

ಉತ್ತರ: ಸಹೋದರಿ, ಮೊದ್ಲು ಒಂದು ಮಾತು ನೇರವಾಗಿ ಹೇಳ್ಬಿಡ್ತೀನಿ, ಯಾಕಂದ್ರೆ ಇದನ್ನ ಮುಚ್ಚಿಟ್ಟು ಉತ್ತರ ಕೊಟ್ರೆ ನಿಮ್ಮ ಮಗ ನಾಳೆ ಇಂಟರ್ನೆಟ್‌ನಲ್ಲಿ ಓದ್ಕೊಂಡು ನಿಮ್ಮ ಮೇಲೂ ನಂಬಿಕೆ ಕಳ್ಕೊತಾನೆ. ಅವನು ಹೇಳಿದ ಎರಡೂ ನಿಜ. ಆಯತ್ತೂ ಇದೆ, ಕಿತಾಬಲ್ಲಿ ಶಿಕ್ಷೆನೂ ಇದೆ. ಹನಫಿ, ಶಾಫಿ, ಮಾಲಿಕಿ, ಹಂಬಲಿ ಅನ್ನೋ ನಾಲ್ಕೂ ಮದ್‌ಹಬ್‌ನ, ಅಂದ್ರೆ ಧರ್ಮಕಾನೂನಿನ ಪಂಥಗಳ, ಹಳೇ ಗ್ರಂಥಗಳಲ್ಲಿ, ಬುದ್ಧಿ ಸರಿಯಿರೋ ವಯಸ್ಕ ಗಂಡಸು ಸ್ವಂತ ಇಷ್ಟದಿಂದ ಇಸ್ಲಾಮ್ ಬಿಟ್ಟು, ವಾಪಸ್ ಬಾ ಅಂತ ಕರೆದ್ರೂ ಬರದಿದ್ರೆ ಮರಣದಂಡನೆ ಅಂತಲೇ ಬರೆದಿರೋದು. ‘ಅದೆಲ್ಲ ಶತ್ರುಗಳು ಕಟ್ಟಿದ ಕಥೆ’ ಅನ್ನೋ ವಿಡಿಯೋಗಳು ತಪ್ಪು. ಹಾಗೇನೇ ‘ಈ ವಿಷಯದಲ್ಲಿ ಎಲ್ಲಾ ಉಲಮಾಗಳದ್ದೂ ಒಂದೇ ಮಾತು, ಚರ್ಚೆಗೆ ಜಾಗನೇ ಇಲ್ಲ’ ಅನ್ನೋ ವಿಡಿಯೋಗಳೂ ತಪ್ಪು. ಅವರು ಇದನ್ನ ಯಾಕೆ ಹಾಗೆ ಬರೆದ್ರು, ಎಲ್ಲೆಲ್ಲಿ ಜಗಳ ಆಡಿದ್ರು ಅಂತ ನೋಡಿದ್ರೆ ಮಗನ ಎರಡನೇ ಪ್ರಶ್ನೆಯಲ್ಲೇ, ಅಂದ್ರೆ ಹೆಂಗಸಿನ ಪ್ರಶ್ನೆಯಲ್ಲೇ, ಮೊದಲನೇದಕ್ಕೆ ದಾರಿ ಸಿಗುತ್ತೆ.

ಆಯತ್ತಿಂದ ಶುರು ಮಾಡೋಣ. ಅಲ್‌ ಬಕರಾ ಅಧ್ಯಾಯದ 256ನೇ ವಚನ ಅದು. ಅದು ಯಾವ ಸಂದರ್ಭದಲ್ಲಿ ಬಂತು ಅಂತ ಪ್ರವಾದಿಯವರ ಸಂಗಾತಿ ಇಬ್ನ್ ಅಬ್ಬಾಸ್ ಅವರಿಂದ ಬಂದಿರೋ ವರದಿ ಅಬೂದಾವೂದ್ ಅನ್ನೋ ಹದೀಸ್ ಸಂಗ್ರಹದಲ್ಲಿದೆ, ಹದೀಸ್ ಅಂದ್ರೆ ಪ್ರವಾದಿಯವರ ಮಾತು, ನಡೆಗಳ ವರದಿ. ಇಸ್ಲಾಮ್ ಬರೋಕೆ ಮುಂಚೆ ಮದೀನದಲ್ಲಿ ಹುಟ್ಟಿದ ಮಕ್ಕಳು ಉಳೀದೇ ಇರೋ ತಾಯಂದಿರು ಒಂದು ಹರಕೆ ಹೊತ್ಕೊತಿದ್ರು, ಈ ಮಗು ಬದುಕಿದ್ರೆ ಯಹೂದಿ ಮಾಡ್ತೀನಿ ಅಂತ. ಹಾಗೆ ಬದುಕಿದ ಮಕ್ಕಳು ಬನೂ ನದೀರ್ ಅನ್ನೋ ಯಹೂದಿ ಬುಡಕಟ್ಟಿನಲ್ಲಿ ಬೆಳೆದ್ರು. 625ರಲ್ಲಿ ಆ ಬುಡಕಟ್ಟನ್ನ ಮದೀನದಿಂದ ಹೊರಗೆ ಕಳಿಸೋ ಪ್ರಸಂಗ ಬಂತು, ಅಷ್ಟೊತ್ತಿಗೆ ಹೆತ್ತವರೆಲ್ಲ ಮುಸ್ಲಿಮರಾಗಿದ್ರು, ನಮ್ಮ ಮಕ್ಕಳನ್ನ ಅವರ ಜೊತೆ ಬಿಡಲ್ಲ ಅಂತ ಪಟ್ಟು ಹಿಡಿದ್ರು. ಆಗ ಬಂದ ವಚನ ಇದು ಅಂತ ಆ ವರದಿ. ಸ್ವಂತ ಹೊಟ್ಟೇಲಿ ಹುಟ್ಟಿದ ಮಕ್ಕಳನ್ನೂ ಬಲವಂತವಾಗಿ ಮುಸ್ಲಿಮ್ ಮಾಡೋ ಹಾಗಿಲ್ಲ ಅಂತಾಯ್ತು.

ಹಾಗಾದ್ರೆ ಹಳೇ ವಿದ್ವಾಂಸರು ಈ ವಚನ ಇಟ್ಕೊಂಡು ಏನು ಮಾಡಿದ್ರು? ಕೆಲವರು ‘ಆಮೇಲೆ ಬಂದ ಯುದ್ಧದ ವಚನಗಳಿಂದ ಇದು ರದ್ದಾಯ್ತು’ ಅಂದ್ರು. 923ರಲ್ಲಿ ಬಾಗ್ದಾದ್‌ನಲ್ಲಿ ತೀರಿಕೊಂಡ ತಬರಿ, ಕುರ್‌ಆನ್ ವ್ಯಾಖ್ಯಾನಕಾರರಲ್ಲಿ ಬಹಳ ದೊಡ್ಡ ಹೆಸರು, ಅದನ್ನ ಒಪ್ಪಲಿಲ್ಲ. ಎರಡು ವಚನ ಯಾವ ರೀತಿಯಲ್ಲೂ ಒಟ್ಟಿಗೆ ನಿಲ್ಲೋಕೇ ಆಗಲ್ಲ ಅಂದಾಗ ಮಾತ್ರ ಒಂದು ರದ್ದು ಅನ್ಬಹುದು, ಇಲ್ಲಿ ಹಾಗಿಲ್ಲ ಅಂದ್ರು. ಆದ್ರೆ ಇಲ್ಲೇ ಎಷ್ಟೋ ಜನ ತಬರಿಯವರನ್ನ ಅರ್ಧಕ್ಕೆ ಕೋಟ್ ಮಾಡಿ ನಿಲ್ಲಿಸ್ತಾರೆ. ಮುಂದಿನ ಅರ್ಧದಲ್ಲಿ ಅವರು, ಈ ವಚನ ಅನ್ವಯ ಆಗೋದು ಯಹೂದಿ, ಕ್ರೈಸ್ತ, ಮಜೂಸಿಗಳಂಥವರಿಗೆ ಮಾತ್ರ, ಅರಬ್ ವಿಗ್ರಹಾರಾಧಕರಿಗೆ ಮತ್ತೆ ಇಸ್ಲಾಮ್ ಬಿಟ್ಟವರಿಗೆ ಅಲ್ಲ ಅಂತ ಬೇಲಿ ಹಾಕಿದಾರೆ. ಅಂದ್ರೆ ವಚನ ಜೀವಂತ ಇದೆ, ಆದ್ರೆ ಒಳಗೆ ಬರೋ ಬಾಗಿಲಿಗೆ ಮಾತ್ರ, ಹೊರಗೆ ಹೋಗೋ ಬಾಗಿಲಿಗೆ ಅಲ್ಲ. ಹೆಚ್ಚುಕಮ್ಮಿ ಎಲ್ಲಾ ಹಳೇ ಫಿಕ್‌ಹ್, ಅಂದ್ರೆ ಇಸ್ಲಾಮೀ ಕಾನೂನುಶಾಸ್ತ್ರ, ನಿಂತಿರೋದು ಇದೇ ವ್ಯತ್ಯಾಸದ ಮೇಲೆ. ಮಗನಿಗೆ ಇದನ್ನ ಹೇಳಿ, ಅವರಿಗೆ ಎರಡೂ ಒಟ್ಟಿಗೆ ನಿಲ್ತಿತ್ತು. ನಮಗೆ ಅದು ಸಾಕಾಗುತ್ತಾ ಇಲ್ವಾ ಅನ್ನೋದು ಬೇರೆ ಮಾತು.

ಒಳಗೆ ಬರೋ ಬಾಗಿಲಿನ ಬಗ್ಗೆ ಅವರು ಬರೀ ಬಾಯಿಮಾತಿಗೆ ಹೇಳಿದ್ದಲ್ಲ, ಕೋರ್ಟಿನ ಮಟ್ಟದಲ್ಲಿ ಪಾಲಿಸಿದ್ದಕ್ಕೂ ಉದಾಹರಣೆ ಇದೆ, ಅದನ್ನ ಸ್ವಲ್ಪ ವಿವರವಾಗೇ ಹೇಳ್ತೀನಿ. ಮೈಮೊನಿಡೀಸ್ ಅಂತ ಯಹೂದಿಗಳ ಮಹಾ ವಿದ್ವಾಂಸ, ವೈದ್ಯ, ಅರಬ್ಬಿಯಲ್ಲಿ ಮೂಸಾ ಇಬ್ನ್ ಮೈಮೂನ್ ಅಂತಾರೆ, ಹುಟ್ಟಿದ್ದು ಸ್ಪೇನಿನ ಕೊರ್ಡೋಬಾದಲ್ಲಿ. 1148ರಲ್ಲಿ ಆ ಊರು ಅಲ್‌ಮೊಹದ್ ರಾಜವಂಶದ ಕೈಗೆ ಬಿತ್ತು, ಅವರು ಯಹೂದಿ ಕ್ರೈಸ್ತರಿಗೆ ಮತಾಂತರ ಆಗಿ ಇಲ್ಲಾಂದ್ರೆ ಹೊರಡಿ ಅನ್ನೋ ಒತ್ತಡ ಹಾಕಿದ್ರು. ಈ ಕುಟುಂಬ ಊರೂರು ಅಲೆದು, ಫೆಝ್‌ನಲ್ಲಿ ಕೆಲ ವರ್ಷ ಇದ್ದು, ಕೊನೆಗೆ ಈಜಿಪ್ಟ್‌ಗೆ ಬಂತು. ಅಲ್ಲಿ ಮೈಮೊನಿಡೀಸ್ ಬಹಿರಂಗವಾಗಿ ಯಹೂದಿಯಾಗಿ ಬಾಳಿ, ತಮ್ಮ ಸಮುದಾಯದ ಮುಖ್ಯಸ್ಥರೂ ಆದ್ರು. ಸಲಾಹುದ್ದೀನ್‌ನ ಆಪ್ತ ಮಂತ್ರಿ ಅಲ್‌ ಕಾದಿ ಅಲ್‌ ಫಾದಿಲ್ ಅವರಿಗೆ ಆಸರೆಯಾಗಿದ್ರು.

ಆಗ ಮುಸ್ಲಿಮ್ ಸ್ಪೇನ್ ಆದ ಆಂದಲೂಸ್‌ನಿಂದ ಒಬ್ಬ ಫಕೀಹ್, ಅಂದ್ರೆ ಧರ್ಮಕಾನೂನಿನ ಪಂಡಿತ, ಈಜಿಪ್ಟ್‌ಗೆ ಬಂದು ಇವರನ್ನ ಗುರುತು ಹಿಡಿದ, ಈ ಮನುಷ್ಯ ನಮ್ಮೂರಲ್ಲಿ ಮುಸ್ಲಿಮ್ ಆಗಿದ್ದ, ಈಗ ಯಹೂದಿ ಆಗಿದಾನೆ, ಅಂದ್ರೆ ಮುರ್ತದ್ ಅಂತ ದೂರು ಎತ್ತಿದ. ಆರೋಪ ಸಾಬೀತಾಗಿದ್ರೆ ತಲೆ ಹೋಗ್ತಿತ್ತು. ಅಲ್‌ ಫಾದಿಲ್ ಆ ದೂರನ್ನ ಅಲ್ಲಿಗೇ ತಡೆದ್ರು. ಬಲವಂತಕ್ಕೆ ಒಳಗಾದವನ ಇಸ್ಲಾಮ್ ಶರೀಅತ್ ಪ್ರಕಾರ ಊರ್ಜಿತವೇ ಅಲ್ಲ ಅನ್ನೋದು ಅವರು ಕೊಟ್ಟ ಕಾರಣ. ಇದನ್ನ ದಾಖಲಿಸಿದ್ದು ಇಬ್ನ್ ಅಲ್‌ ಕಿಫ್ತಿ, ಮೈಮೊನಿಡೀಸ್‌ರ ಶಿಷ್ಯನೊಬ್ಬನ ಗೆಳೆಯ. (ಮೈಮೊನಿಡೀಸ್ ನಿಜಕ್ಕೂ ತೋರಿಕೆಗೆ ಮುಸ್ಲಿಮ್ ಆಗಿದ್ರಾ ಇಲ್ವಾ ಅಂತ ಇತಿಹಾಸಕಾರರಲ್ಲಿ ಇವತ್ತಿಗೂ ಜಗಳ ಇದೆ, ನಮ್ಮ ಪ್ರಶ್ನೆಗೆ ಅದು ಮುಖ್ಯ ಅಲ್ಲ.)

ಇದು ಬರೀ ಮಂತ್ರಿಯೊಬ್ಬರು ಸ್ನೇಹಿತನಿಗೆ ಮಾಡಿದ ಉಪಕಾರ ಅಂದ್ಕೋಬೇಡಿ. ಅದೇ ಕಾಲದ, 1223ರಲ್ಲಿ ಡಮಾಸ್ಕಸ್‌ನಲ್ಲಿ ತೀರಿಕೊಂಡ ಹಂಬಲಿ ವಿದ್ವಾಂಸ ಇಬ್ನ್ ಕುದಾಮಾ ತಮ್ಮ ಅಲ್‌ ಮುಗ್ನಿಯಲ್ಲಿ ಇದೇ ನಿಯಮ ಬರೆದಿದಾರೆ. ಬಲವಂತ ಮಾಡಬಾರದವರನ್ನ, ಅಂದ್ರೆ ರಾಜ್ಯದ ರಕ್ಷಣೆಯಲ್ಲಿರೋ ಬೇರೆ ಧರ್ಮದವರನ್ನ ಅಥವಾ ಅಭಯ ಪಡೆದು ಬಂದ ಪರದೇಶಿಯನ್ನ ಬಲವಂತವಾಗಿ ಮುಸ್ಲಿಮ್ ಮಾಡಿದ್ರೆ ಅದು ಇಸ್ಲಾಮ್ ಅಂತ ಎಣಿಕೆಗೇ ಬರಲ್ಲ, ಬಲವಂತ ಹೋದ್ಮೇಲೆ ಅವನು ಖುಷಿಯಿಂದ ಉಳಿದ್ರೆ ಮಾತ್ರ ಮುಸ್ಲಿಮ್, ವಾಪಸ್ ಹೋದ್ರೆ ಅವನಿಗೆ ಮುರ್ತದ್ ಅನ್ನೋ ಹಣೆಪಟ್ಟಿ ಇಲ್ಲ. ಆಧಾರ ಅದೇ 256ನೇ ವಚನ. ಅಬೂ ಹನೀಫಾ, ಶಾಫಿಈ ಇಬ್ಬರದ್ದೂ ಇದೇ ಅಭಿಪ್ರಾಯ ಅಂತಾರೆ, ಅಬೂ ಹನೀಫಾರ ಶಿಷ್ಯ ಮುಹಮ್ಮದ್ ಅಲ್‌ ಶೈಬಾನಿ ಮಾತ್ರ ಒಪ್ಪಲಿಲ್ಲ ಅಂತನೂ ಹೇಳ್ತಾರೆ. ಅಲ್‌ಮೊಹದ್‌ರು ಮಾಡಿದ್ದು ಮುಸ್ಲಿಮ್ ಹೆಸರಲ್ಲೇ, ಅದನ್ನ ತಡೆದ ನಿಯಮ ಬಂದಿದ್ದೂ ಮುಸ್ಲಿಮ್ ಕಾನೂನಿಂದಲೇ, ಹುಡುಗನಿಗೆ ಇದೆರಡೂ ಗೊತ್ತಿರಲಿ.

ಈಗ ಕಷ್ಟದ ಬಾಗಿಲಿಗೆ ಬರೋಣ, ಹೊರಗೆ ಹೋಗೋದು. ಕುರ್‌ಆನ್‌ನಲ್ಲಿ ಇಸ್ಲಾಮ್ ಬಿಟ್ಟವರ ಬಗ್ಗೆ ಕಠಿಣ ಮಾತುಗಳಿವೆ, ಆದ್ರೆ ಅವೆಲ್ಲ ಪರಲೋಕದ ಶಿಕ್ಷೆ, ಇಹಲೋಕದಲ್ಲಿ ಇಂಥ ದಂಡನೆ ಕೊಡಿ ಅಂತ ಇಲ್ಲ. 4:137ರಲ್ಲಿ ನಂಬಿ, ಬಿಟ್ಟು, ಮತ್ತೆ ನಂಬಿ, ಮತ್ತೆ ಬಿಟ್ಟವರ ಬಗ್ಗೆನೇ ಹೇಳುತ್ತೆ, ಮೊದಲ ಸಲ ಬಿಟ್ಟಾಗಲೇ ಕೊಲ್ಲೋ ಹಾಗಿದ್ರೆ ಎರಡನೇ ಸಲ ಎಲ್ಲಿಂದ ಬರ್ತಿತ್ತು ಅಂತ ಇವತ್ತಿನ ಅನೇಕರು ವಾದ ಮಾಡ್ತಾರೆ. ಹಳಬರ ಉತ್ತರ, ಮಧ್ಯೆ ಪಶ್ಚಾತ್ತಾಪಕ್ಕೆ ಅವಕಾಶ ಇತ್ತಲ್ಲ ಅಂತ. ಮರಣದಂಡನೆ ಬರೋದು ಹದೀಸ್‌ನಿಂದ. ಬುಖಾರಿ ಅನ್ನೋ ಹದೀಸ್ ಸಂಗ್ರಹದಲ್ಲಿ ಇಬ್ನ್ ಅಬ್ಬಾಸ್ ಮೂಲಕ, ಧರ್ಮ ಬದಲಿಸಿದವನನ್ನ ಕೊಲ್ಲಿ ಅನ್ನೋ ಚಿಕ್ಕ ವಾಕ್ಯ ಇದೆ. ಇನ್ನೊಂದು ಇಬ್ನ್ ಮಸ್‌ಊದ್ ಮೂಲಕ ಬಂದಿದ್ದು, ಅದರಲ್ಲಿ ಧರ್ಮ ಬಿಟ್ಟು ‘ಸಮುದಾಯದಿಂದ ಬೇರೆಯಾದವನು’ ಅಂತ ಸೇರಿಸಿದೆ. ಅದೇ ಹದೀಸ್ ಪ್ರವಾದಿಯವರ ಪತ್ನಿ ಆಯಿಶಾ ಅವರಿಂದ ಬಂದಾಗ ಅಬೂದಾವೂದ್‌ನಲ್ಲಿ ಆ ಜಾಗದಲ್ಲಿ ‘ಅಲ್ಲಾಹು ಮತ್ತು ರಸೂಲರ ವಿರುದ್ಧ ಯುದ್ಧಕ್ಕೆ ಹೊರಟವನು’ ಅಂತಿದೆ. ಬಿಟ್ಟವನು ಮತ್ತೆ ಕತ್ತಿ ಎತ್ತಿದವನು, ಇಬ್ಬರೂ ಒಂದೇನಾ ಬೇರೆನಾ ಅನ್ನೋ ಪ್ರಶ್ನೆ ಹುಟ್ಟೋದೇ ಇಲ್ಲಿಂದ.

ಪ್ರವಾದಿಯವರ ಕಾಲದ ಘಟನೆಗಳೂ ಎರಡೂ ಕಡೆಗೆ ಎಳೀತವೆ. ಒಬ್ಬ ಹಳ್ಳಿಗಾಡಿನ ಅರಬ ಮದೀನಕ್ಕೆ ಬಂದು ಪ್ರತಿಜ್ಞೆ ಮಾಡಿ ಮುಸ್ಲಿಮ್ ಆದ, ಆಮೇಲೆ ಜ್ವರ ಬಂತು, ನನ್ನ ಪ್ರತಿಜ್ಞೆ ವಾಪಸ್ ಕೊಡಿ ಅಂತ ಮತ್ತೆ ಮತ್ತೆ ಬಂದು ಕೇಳಿದ, ಪ್ರವಾದಿಯವರು ಒಪ್ಪಲಿಲ್ಲ, ಅವನು ಊರು ಬಿಟ್ಟು ಹೊರಟೇ ಹೋದ, ಯಾರೂ ಹಿಂದೆ ಹೋಗಿ ಹಿಡೀಲಿಲ್ಲ. ಇದೂ ಬುಖಾರಿಯಲ್ಲೇ ಇದೆ. ಆದ್ರೆ ಅದೇ ಬುಖಾರಿಯಲ್ಲಿ ಯಮನ್‌ನಲ್ಲಿ ಪ್ರವಾದಿಯವರ ಸಂಗಾತಿ ಮುಆದ್ ಅವರು, ಮುಸ್ಲಿಮ್ ಆಗಿ ಮತ್ತೆ ಯಹೂದಿಯಾದವನಿಗೆ ಶಿಕ್ಷೆ ಆಗೋವರೆಗೂ ನಾನು ಕೂರಲ್ಲ ಅಂದಿದ್ದೂ ಇದೆ. ಒಂದನ್ನ ಮಾತ್ರ ತೋರಿಸಿ ಇನ್ನೊಂದನ್ನ ಮುಚ್ಚಿಡೋದು ನ್ಯಾಯ ಅಲ್ಲ.

ಇನ್ನು ಹೆಂಗಸಿನ ಪ್ರಶ್ನೆ. ಕರಾವಳಿಯ ಬ್ಯಾರಿ ಮನೆಗಳಲ್ಲಿ ಶಾಫಿ, ಘಟ್ಟದ ಮೇಲೆ ಹೆಚ್ಚಾಗಿ ಹನಫಿ, ಅದು ನಿಮ್ಮ ಮನೇಲೇ ಎರಡೂ ಇದೆ. ಶಾಫಿ, ಮಾಲಿಕಿ, ಹಂಬಲಿ ಮೂರೂ, ಹದೀಸ್‌ನ ವಾಕ್ಯದಲ್ಲಿ ಗಂಡು ಹೆಣ್ಣು ಅಂತ ಭೇದ ಇಲ್ಲ, ಆದ್ದರಿಂದ ಹೆಂಗಸಿಗೂ ಅದೇ ಶಿಕ್ಷೆ ಅಂದವು. ಹನಫಿಗಳು ಒಪ್ಪಲಿಲ್ಲ. ಅದಕ್ಕೆ ಅತ್ಯಂತ ಬಿಚ್ಚಿ ಕಾರಣ ಕೊಟ್ಟವರು ಸರಖ್ಸಿ, ಹನ್ನೊಂದನೇ ಶತಮಾನದವರು, ಈಗಿನ ಕಿರ್ಗಿಝ್‌ಸ್ತಾನದ ಉಝ್‌ಗಂದ್‌ನಲ್ಲಿ ರಾಜನ ಸಿಟ್ಟಿಗೆ ಗುರಿಯಾಗಿ ಜೈಲಲ್ಲಿದ್ದಾಗ ಶಿಷ್ಯರಿಗೆ ಹೇಳಿ ಬರೆಸಿದ ಅಲ್‌ ಮಬ್‌ಸೂತ್‌ನಲ್ಲಿ ಇದು ಬರುತ್ತೆ.

ಅವರ ವಾದದ ತಿರುಳು ಹೀಗಿದೆ. ಸತ್ಯವನ್ನ ನಿರಾಕರಿಸೋದು ದೊಡ್ಡ ಪಾಪ ಹೌದು, ಆದ್ರೆ ಅದು ಮನುಷ್ಯ ಮತ್ತವನ ದೇವರ ನಡುವಿನ ವಿಷಯ, ಅದರ ಲೆಕ್ಕ ಪರಲೋಕದಲ್ಲಿ. ಈ ಲೋಕದಲ್ಲಿ ಕೊಡೋ ಶಿಕ್ಷೆಗಳೆಲ್ಲ ಜನರ ಹಿತ ಕಾಪಾಡೋಕೆ, ಕೊಲೆಗೆ ಪ್ರತಿಯಾಗಿ ಪ್ರಾಣ ಉಳಿಸೋಕೆ, ಕಳ್ಳತನಕ್ಕೆ ಶಿಕ್ಷೆ ಆಸ್ತಿ ಉಳಿಸೋಕೆ. ಹಾಗಾದ್ರೆ ಮುರ್ತದ್‌ನನ್ನ ಕೊಲ್ಲೋದು ಯಾಕೆ? ಅವನು ಶತ್ರುಪಾಳಯ ಸೇರಿ ನಮ್ಮ ವಿರುದ್ಧ ಯುದ್ಧ ಮಾಡೋ ಅಪಾಯ ತಡೆಯೋಕೆ. ಹೆಂಗಸು ಯುದ್ಧಕ್ಕೆ ಹೋಗೋಳಲ್ಲ, ಯುದ್ಧಭೂಮಿಯಲ್ಲಿ ಒಬ್ಬ ಹೆಂಗಸಿನ ಶವ ನೋಡಿ ಪ್ರವಾದಿಯವರು ‘ಇವಳು ಹೋರಾಡೋಳಾಗಿರಲಿಲ್ಲವಲ್ಲ’ ಅಂದಿದ್ದಾರೆ, ಆದ್ದರಿಂದ ಅವಳಿಗೆ ಮರಣದಂಡನೆ ಇಲ್ಲ. 1457ರಲ್ಲಿ ತೀರಿಕೊಂಡ ಇನ್ನೊಬ್ಬ ಹನಫಿ, ಇಬ್ನ್ ಅಲ್‌ ಹುಮಾಮ್, ಇನ್ನೂ ಸ್ಪಷ್ಟವಾಗಿ, ಇದು ಅವಿಶ್ವಾಸಕ್ಕೆ ಕೊಡೋ ಪ್ರತಿಫಲ ಅಲ್ಲ, ಯುದ್ಧದ ಕೇಡು ತಡೆಯೋಕೆ ಅಂತಲೇ ಬರೆದ್ರು.

ಇದನ್ನ ಓದಿದಾಗ ಎಷ್ಟೋ ಜನ ‘ನೋಡಿ, ಹನಫಿಗಳು ನಂಬಿಕೆಯ ಸ್ವಾತಂತ್ರ್ಯ ಆಗಲೇ ಒಪ್ಪಿದ್ರು’ ಅಂತ ಖುಷಿ ಪಡ್ತಾರೆ. ಅಷ್ಟು ಬೇಗ ಬೇಡ. ಸರಖ್ಸಿ, ಈ ಮನುಷ್ಯ ನಿಜವಾಗ್ಲೂ ಕತ್ತಿ ಹಿಡಿದನಾ ಅಂತ ಒಬ್ಬೊಬ್ಬನ ಬಗ್ಗೆ ಕೇಳಲ್ಲ, ಗಂಡಸು ಅಂದ್ರೆ ಯುದ್ಧ ಮಾಡಬಲ್ಲವನು ಅಂತ ಇಟ್ಕೊಂಡು ಸುಮ್ಮನೆ ಮನೇಲಿ ಕೂತವನಿಗೂ ಅದೇ ಶಿಕ್ಷೆ ಹೇಳ್ತಾರೆ. ಹೆಂಗಸನ್ನೂ ಬಿಟ್ಟುಬಿಡಲ್ಲ, ವಾಪಸ್ ಬರೋವರೆಗೂ ಜೈಲು, ಕೆಲವು ಗ್ರಂಥಗಳಲ್ಲಿ ಹೊಡೆತ ಕೂಡ. ಅದು ಬಲವಂತ ಅಲ್ಲದೆ ಇನ್ನೇನು? ಆದ್ರೂ ನನ್ನ ಪ್ರಕಾರ ಅವರ ವಾದದಲ್ಲಿ ಒಂದು ದೊಡ್ಡ ವಿಷಯ ಇದೆ. ಶಿಕ್ಷೆಯ ಕಾರಣ ನಂಬಿಕೆ ಅಲ್ಲ, ಯುದ್ಧ ಅಂತ ಒಪ್ಪಿಕೊಂಡ್ಮೇಲೆ, ಕಾರಣ ಇಲ್ಲದ ಕಡೆ ಶಿಕ್ಷೆನೂ ಇರಬಾರದು, ಇದು ಫಿಕ್‌ಹ್‌ನದ್ದೇ ನಿಯಮ. ಅವರ ಕಾಲದಲ್ಲಿ ಧರ್ಮನೇ ಪೌರತ್ವ, ಧರ್ಮನೇ ಸೈನ್ಯ, ಒಂದನ್ನ ಬಿಟ್ರೆ ಇನ್ನೊಂದನ್ನೂ ಬಿಟ್ಟ ಹಾಗೆ. ಪ್ರವಾದಿಯವರ ನಿಧನದ ನಂತರ 632-33ರಲ್ಲಿ ಅಬೂಬಕರ್ ಕಾಲದ ದಂಗೆಗಳಲ್ಲಿ ಧರ್ಮ ಬಿಟ್ಟಿದ್ದು, ಝಕಾತ್ ಕೊಡಲ್ಲ ಅಂದಿದ್ದು, ದಂಡೆತ್ತಿ ಬಂದಿದ್ದು ಎಲ್ಲಾ ಒಂದೇ ಗಂಟಾಗಿತ್ತು, ಮುಂದಿನ ಫಕೀಹ್‌ಗಳ ತಲೇಲಿ ಆ ಗಂಟು ಬಿಚ್ಚಲೇ ಇಲ್ಲ.

ಬಿಚ್ಚೋಕೆ ನೋಡಿದವರು ಇರಲಿಲ್ಲ ಅಂತಲ್ಲ. ಪರ್ಶಿಯಾದ ತುಸ್ತರ್ ಯುದ್ಧ ಮುಗಿಸಿ ಬಂದ, ಪ್ರವಾದಿಯವರ ಸಂಗಾತಿ ಅನಸ್ ಅವರನ್ನ ಖಲೀಫ ಉಮರ್, ಬಕ್ರ್ ಬುಡಕಟ್ಟಿನ ಆ ಆರು ಜನ ಏನಾದ್ರು ಅಂತ ಕೇಳಿದ್ರು. ಅವರು ಇಸ್ಲಾಮ್ ಬಿಟ್ಟು ಶತ್ರುಗಳ ಜೊತೆ ಸೇರಿದ್ರು, ಯುದ್ಧದಲ್ಲಿ ಸತ್ರು. ಉಮರ್ ಬೇಜಾರು ಮಾಡ್ಕೊಂಡು, ನನ್ನ ಕೈಗೆ ಸಿಕ್ಕಿದ್ರೆ ಹೊರಗೆ ಹೋದ ಬಾಗಿಲಿಂದಲೇ ಒಳಗೆ ಬನ್ನಿ ಅಂತಿದ್ದೆ, ಬರದಿದ್ರೆ ಜೈಲಲ್ಲಿಡ್ತಿದ್ದೆ ಅಂದ್ರಂತೆ, ಅಬ್ದುರ‍್ರಝಾಕ್‌ರ ಮುಸನ್ನಫ್‌ನಲ್ಲಿದೆ. ಕೂಫಾದ ಇಬ್ರಾಹೀಮ್ ಅನ್ನಖಈ, ಅಬೂ ಹನೀಫಾರ ಗುರುಪರಂಪರೆಯ ಮೂಲದಲ್ಲೇ ಇರೋವರು, ಅವನನ್ನ ಯಾವಾಗಲೂ ಪಶ್ಚಾತ್ತಾಪಕ್ಕೆ ಕರೀತಾನೇ ಇರಬೇಕು ಅಂದ್ರು, ಮೂರು ದಿನ ಅಂತ ಗಡುವಿಲ್ಲ. ಸುಫ್ಯಾನ್ ಅಸ್ಸೌರಿ ಇದನ್ನೇ ಹಿಡಿದ್ರು. ಹಾಗಂದ್ರೆ ಕೊಲ್ಲೋ ದಿನ ಬರೋದೇ ಇಲ್ಲ ಅಂತ ಇಬ್ನ್ ಕುದಾಮಾನೇ ಟೀಕೆ ಮಾಡಿ ಆ ಮಾತನ್ನ ತಳ್ಳಿಹಾಕಿದಾರೆ. ತಳ್ಳಿಹಾಕೋಕೆ ಬರೆದಿಟ್ಟಿದ್ದರಿಂದಲೇ ನಮಗೆ ಆ ಅಭಿಪ್ರಾಯ ಇತ್ತು ಅಂತ ಗೊತ್ತಾಗುತ್ತೆ.

ಇವತ್ತು ಒಬ್ಬ ಮುಸ್ಲಿಮ್ ಇದನ್ನೆಲ್ಲ ಇಟ್ಕೊಂಡು ಏನು ಮಾಡಬಹುದು? ಒಂದು ದಾರಿ, ಹಳೇ ತೀರ್ಪು ಹಾಗೇ ಸರಿ, ಆದ್ರೆ ಜಾರಿ ಮಾಡೋಕೆ ಇಸ್ಲಾಮೀ ರಾಜ್ಯ, ಕಾಝಿ ಬೇಕು, ಇಲ್ಲಿ ಇಲ್ಲ, ಆದ್ದರಿಂದ ಮಾತಾಡೋದು ಬೇಡ ಅನ್ನೋದು. ನಮ್ಮ ಕಡೆ ಹೆಚ್ಚಿನ ಉಸ್ತಾದ್‌ಗಳು ಹೇಳೋದು ಇದೇ. ಹಳೇ ಗ್ರಂಥಕ್ಕೆ ಇದು ನಿಷ್ಠ, ಆದ್ರೆ ನಿಮ್ಮ ಮಗನಂಥ ಹುಡುಗ ‘ಅಂದ್ರೆ ಅಧಿಕಾರ ಸಿಕ್ಕಿದ್ರೆ ಮಾಡ್ತೀರಾ?’ ಅಂತ ಕೇಳೇ ಕೇಳ್ತಾನೆ.

ಇನ್ನೊಂದು ದಾರಿ, ಸರಖ್ಸಿ ಕೊಟ್ಟ ಕಾರಣವನ್ನ ಕೊನೆವರೆಗೂ ತಗೊಂಡು ಹೋಗೋದು. 1958ರಿಂದ 1963ರವರೆಗೆ ಅಲ್‌ ಅಝ್‌ಹರ್‌ನ ಮುಖ್ಯಸ್ಥರಾಗಿದ್ದ ಮಹ್‌ಮೂದ್ ಶಲ್ತೂತ್, ಬರೀ ಅವಿಶ್ವಾಸ ಪ್ರಾಣ ತೆಗೆಯೋಕೆ ಕಾರಣ ಆಗಲ್ಲ, ಹಗೆ ಸಾಧಿಸಿ ದಾಳಿ ಮಾಡೋದೇ ಕಾರಣ ಅನ್ನೋ ನಿಲುವಿನ ಕಡೆ ವಾಲಿದ್ರು. ನನ್ನ ಮನಸ್ಸು ಒಪ್ಪೋದೂ ಈ ದಾರಿನೇ. ಆದ್ರೆ ಇದರಲ್ಲೂ ಒಂದು ಗುಂಡಿ ಇದೆ, ನೋಡ್ಕೊಂಡು ಹೆಜ್ಜೆ ಇಡಬೇಕು. ಜಮಾಅತೆ ಇಸ್ಲಾಮಿ ಸ್ಥಾಪಕ ಮೌದೂದಿಯವರು 1940ರ ದಶಕದಲ್ಲಿ ಇದೇ ರಾಜದ್ರೋಹದ ವಾದ ಹಿಡಿದು ತದ್ವಿರುದ್ಧ ತೀರ್ಮಾನಕ್ಕೆ ಬಂದ್ರು, ಇಸ್ಲಾಮ್ ಬರೀ ನಂಬಿಕೆ ಅಲ್ಲ, ಅದೇ ರಾಜ್ಯವ್ಯವಸ್ಥೆ, ಆದ್ದರಿಂದ ಬಿಟ್ಟವನು ತಾನಾಗೇ ದ್ರೋಹಿ ಅಂತ. ಹಾಗಾಗಿ ಯಾರಾದ್ರೂ ‘ಅದು ಧರ್ಮಕ್ಕಲ್ಲ, ದ್ರೋಹಕ್ಕೆ ಶಿಕ್ಷೆ’ ಅಂದ್ರೆ ತಕ್ಷಣ ಸಮಾಧಾನ ಆಗಬೇಡಿ, ಯಾರಿಗೂ ಕೇಡು ಮಾಡದೆ ಸುಮ್ಮನೆ ಬಿಟ್ಟುಹೋದವನ ಗತಿ ಏನು ಅಂತ ಒಂದು ಪ್ರಶ್ನೆ ಕೇಳಿ. ಉತ್ತರದಲ್ಲಿ ಎಲ್ಲಾ ಗೊತ್ತಾಗುತ್ತೆ. ಮೂರನೇ ದಾರಿ, ಆ ಹದೀಸ್‌ಗಳನ್ನೇ ದುರ್ಬಲ ಅಂತ ಬದಿಗಿಡೋದು. ಕೆಲವು ವಿದ್ವಾಂಸರು ಆ ಕಡೆಗೂ ವಾದ ಮಾಡಿದಾರೆ, ಆದ್ರೆ ಬುಖಾರಿಯಲ್ಲಿರೋದನ್ನ ಹೀಗೆ ತೆಗೆದ್ರೆ ನಮಾಝ್ ಉಪವಾಸದ ಹದೀಸ್‌ಗಳ ಪ್ರಶ್ನೆ ತಕ್ಷಣ ಎದ್ದು ನಿಲ್ಲುತ್ತೆ, ಅದಕ್ಕೆ ತಯಾರಿಲ್ಲದೆ ಆ ದಾರಿ ಹಿಡೀಬೇಡಿ.

ನಮ್ಮ ದೇಶದಲ್ಲಿ ಈ ಚರ್ಚೆ ಜೀವಂತವಾಗಿ ಬಂದಿದ್ದು ತಲೆ ತೆಗೆಯೋ ವಿಷಯದಲ್ಲಿ ಅಲ್ಲ, ಮದುವೆ ವಿಷಯದಲ್ಲಿ. ಹೆಣ್ಣುಮಕ್ಕಳಿಗೆ ಇದು ಗೊತ್ತಿರಬೇಕು. ಬ್ರಿಟಿಷರ ಕಾಲದಲ್ಲಿ ಹನಫಿ ಹೆಂಗಸಿಗೆ ಗಂಡ ಹೊಡೆದ್ರೂ, ಸಾಕದಿದ್ರೂ, ಕಾಣೆಯಾದ್ರೂ ಬಿಡುಗಡೆ ಸಿಗೋದು ತುಂಬಾ ಕಷ್ಟ ಇತ್ತು, ಕಾಣೆಯಾದ ಗಂಡನಿಗೆ ಅವನ ಓರಗೆಯವರೆಲ್ಲ ಸಾಯೋವರೆಗೆ ಕಾಯಬೇಕು ಅನ್ನೋದು ಹಳೇ ಹನಫಿ ಮಾತು. ಆದ್ರೆ ಹೆಂಡತಿ ಇಸ್ಲಾಮ್ ಬಿಟ್ರೆ ಮದುವೆ ತಕ್ಷಣ ಮುರಿಯುತ್ತೆ ಅಂತ ಅದೇ ಹನಫಿಯಲ್ಲಿತ್ತು. ಪಂಜಾಬ್ ಕಡೆ ಹೆಂಗಸರು ಕೋರ್ಟಿಗೆ ಬಂದು ನಾನು ಧರ್ಮ ಬಿಟ್ಟಿದೀನಿ ಅಂತ ಹೇಳಿ ಬಿಡುಗಡೆ ತಗೊಳೋಕೆ ಶುರು ಮಾಡಿದ್ರು. ದೇವಬಂದ್ ಪರಂಪರೆಯ ಅಶ್ರಫ್ ಅಲಿ ಥಾನವಿ ಇದನ್ನ ನೋಡಿ, ಕಾರಣ ಏನು ಅಂತ ಅರ್ಥ ಮಾಡ್ಕೊಂಡು, 1930ರ ದಶಕದ ಶುರುವಿನಲ್ಲಿ ಮಾಲಿಕಿ ಮದ್‌ಹಬ್‌ನಿಂದ ನಿಯಮ ತಂದ್ರು, ನೊಂದ ಹೆಂಗಸಿಗೆ ಕಾಝಿ ಮೂಲಕ ಬಿಡುಗಡೆ ಸಿಗಲಿ ಅಂತ. ಜೊತೆಗೆ ಧರ್ಮ ಬಿಟ್ರೆ ಮದುವೆ ಮುರಿಯಲ್ಲ ಅಂತ ಆ ಕಡೆಯ ಬಾಗಿಲನ್ನೂ ಹಾಕಿದ್ರು. ಇದೇ 1939ರ ಮುಸ್ಲಿಮ್ ವಿವಾಹ ವಿಚ್ಛೇದನ ಕಾಯ್ದೆಗೆ ದಾರಿ ಆಯ್ತು. ಗಂಡ ನಾಲ್ಕು ವರ್ಷ ಕಾಣೆ, ಎರಡು ವರ್ಷ ಜೀವನಾಂಶ ಇಲ್ಲ, ಕ್ರೌರ್ಯ, ಇವೆಲ್ಲ ಕಾರಣಗಳು ಬಂದಿದ್ದು ಅಲ್ಲಿಂದ. ನಾಲ್ಕನೇ ಸೆಕ್ಷನ್ ಪ್ರಕಾರ ಹೆಂಡತಿ ಇಸ್ಲಾಮ್ ಬಿಟ್ಟಿದ್ದರಿಂದಷ್ಟೇ ಮದುವೆ ಮುರಿಯಲ್ಲ, ಬೇರೆ ಧರ್ಮದಿಂದ ಬಂದು ಮತ್ತೆ ತನ್ನ ಹಳೇ ಧರ್ಮಕ್ಕೇ ಹೋದವಳಿಗೆ ಮಾತ್ರ ಆ ಸೆಕ್ಷನ್ ಅನ್ವಯ ಆಗಲ್ಲ. ‘ಘಟ್ಟ ಹತ್ತಿದ್ರೆ ದೇವರ ಕಾನೂನು ಬದಲಾಗುತ್ತಾ’ ಅಂತ ಕೇಳಿದ ಮಗನಿಗೆ ಇದನ್ನ ತೋರಿಸಿ. ಬೇರೆ ಬೇರೆ ಮದ್‌ಹಬ್‌ಗಳಲ್ಲಿರೋದು ಮನುಷ್ಯರು ಕಷ್ಟಪಟ್ಟು ಮಾಡ್ಕೊಂಡ ತಿಳುವಳಿಕೆ, ಅದರಲ್ಲಿ ಒಂದರಿಂದ ಇನ್ನೊಂದಕ್ಕೆ ಸಾಲ ತಗೊಳೋ ಪದ್ಧತಿ ದೇವಬಂದ್‌ನವರಿಗೂ ನಿಷಿದ್ಧ ಆಗಿರಲಿಲ್ಲ.

ಇನ್ನು ನಿಮ್ಮ ಮೈದುನನ ಮಾತು. ಪ್ರಶ್ನೆ ಕೇಳಿದ್ರೆ ಮುರ್ತದ್ ಅಂತ ಯಾವ ಮದ್‌ಹಬ್‌ನಲ್ಲೂ ಇಲ್ಲ. ಹನಫಿಗಳು ಹೇಳೋ ಪ್ರಕಾರ ಒಬ್ಬನ ಮಾತಿಗೆ ತೊಂಬತ್ತೊಂಬತ್ತು ಕಡೆಯಿಂದ ಅವಿಶ್ವಾಸದ ಅರ್ಥ ಬಂದು, ಒಂದು ಕಡೆಯಿಂದ ವಿಶ್ವಾಸದ ಅರ್ಥ ಬರೋ ಹಾಗಿದ್ರೂ ಆ ಒಂದನ್ನೇ ಹಿಡೀಬೇಕು. ಶಾಫಿಗಳಲ್ಲಿ ಗಝಾಲಿಯವರು ಕಾಫಿರ್ ಅಂತ ಕರೆಯೋ ಆತುರದ ವಿರುದ್ಧ ಒಂದು ಪುಸ್ತಕವನ್ನೇ ಬರೆದ್ರು. ಮೈದುನನಿಗೆ ಆಧಾರ ಬೇಕಂದ್ರೆ, ಬಲವಂತ ಇಲ್ಲ ಅನ್ನೋ ಆ 256ನೇ ವಚನದಿಂದ ನಾಲ್ಕು ವಚನ ಮುಂದೆ 260ನೇದನ್ನ ತೆಗೆಸಿ ಓದಿಸಿ. ಅಲ್ಲಿ ಇಬ್ರಾಹೀಮ್ ಅಲೈಹಿಸ್ಸಲಾಮ್ ಅವರೇ, ಸತ್ತವರಿಗೆ ನೀನು ಹೇಗೆ ಜೀವ ಕೊಡ್ತೀಯ ತೋರಿಸು ಅಂತ ಅಲ್ಲಾಹುವನ್ನ ಕೇಳ್ತಾರೆ, ನಿನಗೆ ನಂಬಿಕೆ ಇಲ್ವಾ ಅಂದಾಗ, ಇದೆ, ಮನಸ್ಸಿಗೆ ಸಮಾಧಾನ ಆಗಲಿ ಅಂತ ಕೇಳಿದೆ ಅಂತಾರೆ. ಅದಕ್ಕೆ ಬೈಗುಳ ಸಿಗಲಿಲ್ಲ, ಉತ್ತರ ಸಿಕ್ತು.